ತಿಂಗಳ ತುದಿಯ ನಾಲ್ಕು ದಿನ

ಷೇರುಪೇಟೆಯಲ್ಲಿ ಇಡೀ ತಿಂಗಳ ಗಳಿಕೆ ನಾಲ್ಕೇ ದಿನಗಳಲ್ಲಿ ಬಂದುಬಿಡುತ್ತದೆ ಎಂಬ ಮಾತು ನಮ್ಮ ಮಂಡ್ಯ ಕಡೆಯ ಹೂಡಿಕೆದಾರರ ನಡುವೆ ಎರಡು ಮೂರು ವರ್ಷಗಳಿಂದ ಓಡಾಡುತ್ತಿದೆ. ತಿಂಗಳ ಕೊನೆಯ ವಹಿವಾಟಿನ ದಿನ ಒಂದು, ಮುಂದಿನ ತಿಂಗಳ ಮೊದಲ ಮೂರು ದಿನ. ಮದ್ದೂರಿನಲ್ಲಿ ಎಳನೀರು ವ್ಯಾಪಾರ ಮಾಡುವ ನನ್ನ ಚಿಕ್ಕಪ್ಪನ ಮಗ ಇದನ್ನು ಒಂದೇ ಸಾಲಿನಲ್ಲಿ ಹೇಳಿದ: "ತಿಂಗ್ಳು ಕೊನೇಲಿ ತಗೊಂಡು ನಾಕನೇ ತಾರೀಕಿಗೆ ಮಾರುದ್ರೆ ಸಾಕು ಕನಣ್ಣ, ಮಿಕ್ಕಿದ್ ದಿನ ಕಾಸು ಬ್ಯಾಂಕಲ್ಲೇ ಇರ‍್ಲಿ." ಅವನು ಒಂದು ಲಕ್ಷ ರೂಪಾಯಿ ತೆಗೆದಿರಿಸಿದ್ದ. ಹಾಕುವ ಮುಂಚೆ ಲೆಕ್ಕ ನೋಡೋಣ ಎಂದು ಇಬ್ಬರೂ ಕೂತೆವು.

ಈ ಮಾತು ಗಾಳಿಸುದ್ದಿಯಲ್ಲ. ಲಕೊನಿಶೋಕ್ ಮತ್ತು ಸ್ಮಿಟ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಡೌ ಜೋನ್ಸ್ ಸೂಚ್ಯಂಕದ ತೊಂಬತ್ತು ವರ್ಷಗಳ ದಾಖಲೆ ಜಾಲಾಡಿ 1988ರಲ್ಲಿ ಪ್ರಕಟಿಸಿದ ಫಲಿತಾಂಶ ಅದು. ಈ ನಾಲ್ಕು ದಿನಗಳಲ್ಲಿ ಸೂಚ್ಯಂಕ ಸರಾಸರಿ ಶೇ 0.473 ಏರಿತ್ತು. ಸಾಮಾನ್ಯವಾಗಿ ಯಾವುದೇ ನಾಲ್ಕು ದಿನ ಹಿಡಿದರೆ ಸರಾಸರಿ ಏರಿಕೆ ಶೇ 0.061 ಮಾತ್ರ. ಪ್ರಕಟವಾದ ಮೇಲೂ ಅದು ಸತ್ತಿಲ್ಲ: 2008ರಲ್ಲಿ ಮೆಕಾನೆಲ್ ಮತ್ತು ಷೂ ಎಂಬುವರು 2005ರವರೆಗಿನ ಹೊಸ ಅಂಕಿಗಳನ್ನು ಸೇರಿಸಿ ನೋಡಿದಾಗ ಅದು ಇನ್ನೂ ಇತ್ತು, ಅವರು ನೋಡಿದ 35 ದೇಶಗಳಲ್ಲಿ 31ರಲ್ಲಿ ಕಾಣಿಸಿತು. ಹಾಗಾಗಿ ನಾನು ಇದನ್ನು ತಳ್ಳಿಹಾಕಲಿಲ್ಲ. ಕ್ಯಾಲೆಂಡರ್ ಸೂತ್ರಗಳ ಪೈಕಿ ನಾನು ಗೌರವ ಕೊಡುವುದು ಇದೊಂದಕ್ಕೇ.

ವಾರದ ದಿನಗಳ ಸೂತ್ರಕ್ಕೆ ಆ ಗೌರವ ಕೊಡಲಾರೆ. ಸೋಮವಾರ ಬೀಳುತ್ತದೆ, ಶುಕ್ರವಾರ ಏರುತ್ತದೆ ಎಂಬುದೂ ಹಳೆಯ ಸಂಶೋಧನೆಯೇ. ಫ್ರೆಂಚ್ ಎಂಬುವರು 1980ರಲ್ಲಿ ಅಮೆರಿಕದ ಸೋಮವಾರಗಳ ಬಗ್ಗೆ ಬರೆದರು. ಮುಂದಿನ ದಶಕಗಳಲ್ಲಿ ಅಲ್ಲಿನ ದೊಡ್ಡ ಕಂಪನಿಗಳ ಷೇರುಗಳಲ್ಲಿ ಅದು ಅಳಿಸಿಹೋಯಿತು. ನಮ್ಮಲ್ಲಿ ಕಥೆ ಇನ್ನೂ ಸ್ಪಷ್ಟವಾಗಿದೆ. 2001ರವರೆಗೆ ಎನ್‌ಎಸ್‌ಇಯಲ್ಲಿ ಲೆಕ್ಕ ಚುಕ್ತಾ ಆಗುವ ವಾರ ಬುಧವಾರ ಶುರುವಾಗಿ ಮಂಗಳವಾರ ಮುಗಿಯುತ್ತಿತ್ತು, ಬಿಎಸ್‌ಇಯಲ್ಲಿ ಸೋಮವಾರದಿಂದ ಶುಕ್ರವಾರ. ವಾರದೊಳಗೆ ಎಷ್ಟು ಕೊಂಡರೂ ಮಾರಿದರೂ ಕೊನೆಯಲ್ಲಿ ಉಳಿದದ್ದಕ್ಕಷ್ಟೇ ಹಣ ಕಟ್ಟಬೇಕಿತ್ತು. ಮೊದಲ ದಿನ ಕೊಂಡವನಿಗೆ ಬಡ್ಡಿಯಿಲ್ಲದ ಸಾಲ ಅತಿ ಹೆಚ್ಚು ದಿನ ಸಿಕ್ಕಂತೆ. ಕೊನೆಯ ದಿನ ಬಂದರೆ ಕೈಯಲ್ಲಿದ್ದುದನ್ನು ಚುಕ್ತಾ ಮಾಡುವ ಆತುರ. ಅಂಥ ಪೇಟೆಯಲ್ಲಿ ವಾರದ ದಿನಕ್ಕೊಂದು ಗುಣ ಬರುವುದು ಸಹಜ. 2001ರ ಜುಲೈನಿಂದ ಡಿಸೆಂಬರ್ ಒಳಗೆ ಎಲ್ಲ ಷೇರುಗಳೂ ದಿನದಿನದ ಚುಕ್ತಾ ಪದ್ಧತಿಗೆ ಬಂದವು. ಕಾರಣವೇ ಹೋದ ಮೇಲೆ 1990ರ ದಶಕದ ಅಂಕಿಗಳನ್ನು ಇಟ್ಟುಕೊಂಡು ಇವತ್ತಿನ ಮಂಗಳವಾರದ ಬಗ್ಗೆ ಮಾತಾಡುವಂತಿಲ್ಲ. ಗುರುವಾರದ ಬಗ್ಗೆ ಕೇಳಿಬರುವ ಕಥೆಯೂ ಇದೇ ದಾರಿ ಹಿಡಿಯಬಹುದು: ನಿಫ್ಟಿ ಒಪ್ಪಂದಗಳ ಅವಧಿ ಮುಗಿಯುವ ದಿನ 2025ರ ಸೆಪ್ಟೆಂಬರ್‌ನಿಂದ ಗುರುವಾರ ಬಿಟ್ಟು ಮಂಗಳವಾರಕ್ಕೆ ಬಂದಿದೆ.

ಸೋಮವಾರದ ಸರಾಸರಿಯೊಳಗೆ ಇನ್ನೊಂದು ಸಮಸ್ಯೆ ಅಡಗಿದೆ. 2004ರ ಮೇ 17, ಚುನಾವಣೆ ಫಲಿತಾಂಶದ ನಂತರದ ಸೋಮವಾರ, ನಿಫ್ಟಿ ಶೇ 12ಕ್ಕೂ ಹೆಚ್ಚು ಕುಸಿಯಿತು. 2009ರ ಮೇ 18, ಮತ್ತೆ ಫಲಿತಾಂಶದ ನಂತರದ ಸೋಮವಾರ, ಶೇ 17.7 ಜಿಗಿಯಿತು. 2020ರ ಮಾರ್ಚ್ 23, ಲಾಕ್‌ಡೌನ್ ಹೊತ್ತಿನ ಸೋಮವಾರ, ಸುಮಾರು ಶೇ 13 ಬಿತ್ತು. ಹತ್ತು ವರ್ಷಕ್ಕೆ ಸುಮಾರು 500 ಸೋಮವಾರ. 17.7ನ್ನು 500ರಿಂದ ಭಾಗಿಸಿದರೆ 0.035. ಅಂದರೆ ಒಂದೇ ಒಂದು ದಿನ ಇಡೀ ದಶಕದ ಸೋಮವಾರದ ಸರಾಸರಿಯನ್ನು ಶೇ 0.035 ಮೇಲೆತ್ತುತ್ತದೆ. ಸೂಚ್ಯಂಕದ ಸಾಮಾನ್ಯ ದಿನದ ಸರಾಸರಿ ಏರಿಕೆಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ! ಪರೀಕ್ಷೆಯನ್ನು 2008ಕ್ಕೆ ನಿಲ್ಲಿಸಿದವರಿಗೆ ಒಂದು ಉತ್ತರ, 2009ಕ್ಕೆ ನಿಲ್ಲಿಸಿದವರಿಗೆ ಇನ್ನೊಂದು. ವಾರದ ದಿನದ ಬಗ್ಗೆ ಯಾರಾದರೂ ಕೋಷ್ಟಕ ತೋರಿಸಿದರೆ ನಾನು ಕೇಳುವುದು ಇಷ್ಟೇ: ಈ ಮೂರು ದಿನ ತೆಗೆದು ತೋರಿಸಿ.

ತಿಂಗಳ ತುದಿಯನ್ನು ಪರೀಕ್ಷಿಸಲು ಮನೆಯ ಕಂಪ್ಯೂಟರ್ ಸಾಕು. ನಿಫ್ಟಿಯ ಮುಕ್ತಾಯದ ದರಗಳು ಉಚಿತವಾಗಿ ಸಿಗುತ್ತವೆ. ಒಂದು ಕಾಲಂನಲ್ಲಿ ದಿನಾಂಕ, ಪಕ್ಕದಲ್ಲಿ ದರ. ಆ ದಿನ ತಿಂಗಳ ಎಷ್ಟನೇ ವಹಿವಾಟಿನ ದಿನ ಎಂದು ಗುರುತಿಸಲು ಈ ಸೂತ್ರ ಸಾಕು, ರಜೆಗಳನ್ನು ಬೇರೆ ಲೆಕ್ಕ ಹಾಕಬೇಕಿಲ್ಲ:

```
=COUNTIFS(A:A,">"&EOMONTH(A3,-1),A:A,"<="&A3)
```

ಇದು 1, 2, 3 ಎಂದು ತೋರಿಸಿದ ದಿನಗಳು, ಅವುಗಳ ಹಿಂದಿನ ಒಂದು ದಿನ: ಅದೇ ನಮ್ಮ ಗುಂಪು. ಇಲ್ಲಿ ಹಲವರು ಎಡವುತ್ತಾರೆ. ಕೊನೆಯ ದಿನದ ಏರಿಕೆ ಎಂದರೆ ಅದರ ಹಿಂದಿನ ದಿನದ ಮುಕ್ತಾಯದಿಂದ ಆದ ಏರಿಕೆ. ಅದು ಬೇಕಾದರೆ ಕೊನೆಯ ದಿನಕ್ಕೂ ಒಂದು ದಿನ ಮುಂಚೆ, ಪೇಟೆ ಮುಚ್ಚುವ ಹೊತ್ತಿಗೆ ಕೊಂಡಿರಬೇಕು. ಕೊನೆಯ ದಿನ ಕೊಂಡರೆ ಕೋಷ್ಟಕ ತೋರಿಸುವ ನಾಲ್ಕು ದಿನಗಳಲ್ಲಿ ಕೈಗೆ ಬರುವುದು ಮೂರು.

ಅಷ್ಟೇ ಮುಖ್ಯವಾದ ಶಿಸ್ತು ಇನ್ನೊಂದು. ನಾಲ್ಕು ದಿನ ಸರಿಹೋಗದಿದ್ದರೆ ಐದು, ಅದೂ ಆಗದಿದ್ದರೆ ಕೊನೆಯ ಎರಡು ಮತ್ತು ಮೊದಲ ಎರಡು ಎಂದು ಕಿಟಕಿಯನ್ನು ಅತ್ತಿತ್ತ ಸರಿಸುತ್ತಾ ಹೋದರೆ ಒಂದಲ್ಲ ಒಂದು ಚೆನ್ನಾಗಿ ಕಂಡೇ ಕಾಣುತ್ತದೆ. ಇಪ್ಪತ್ತು ಬಗೆ ನೋಡಿದರೆ ಅದರಲ್ಲಿ ಸರಾಸರಿ ಒಂದು ಬರೀ ಆಕಸ್ಮಿಕವಾಗಿ ಪಾಸಾಗುತ್ತದೆ. ಅದಕ್ಕೇ 2012ರವರೆಗಿನ ಅಂಕಿಗಳಲ್ಲಿ ಕಿಟಕಿಯನ್ನು ಆರಿಸಿ, ಕಾಗದದ ಮೇಲೆ ಬರೆದಿಟ್ಟು, ಆಮೇಲೆ ಮಾತ್ರ 2013ರ ನಂತರದ್ದನ್ನು ತೆರೆಯಬೇಕು. ತೆರೆದ ಮೇಲೆ ಮತ್ತೆ ಕಿಟಕಿ ಬದಲಿಸುವಂತಿಲ್ಲ. ಫೆಬ್ರವರಿಯನ್ನು ಬಿಟ್ಟೂ ಒಮ್ಮೆ ನೋಡಬೇಕು. ಕೇಂದ್ರ ಬಜೆಟ್ 2017ರಿಂದ ಫೆಬ್ರವರಿ 1ಕ್ಕೆ ಬರುತ್ತದೆ. ಅದಕ್ಕೂ ಹಿಂದೆ ಸಾಮಾನ್ಯವಾಗಿ ಫೆಬ್ರವರಿಯ ಕೊನೆಯ ದಿನ ಬರುತ್ತಿತ್ತು. ಎರಡೂ ನಮ್ಮ ನಾಲ್ಕು ದಿನದೊಳಗೇ ಬೀಳುತ್ತವೆ, ಬಜೆಟ್ ದಿನದ ಏರಿಳಿತವನ್ನು ತಿಂಗಳ ತುದಿಯ ಖಾತೆಗೆ ಬರೆದುಬಿಡುವ ಅಪಾಯವಿದೆ.

ಇನ್ನು ಖರ್ಚು. ಅಮೆರಿಕದ ಆ ಶೇ 0.473 ನಮಗೂ ಪೂರ್ತಿ ಸಿಕ್ಕಿತು ಎಂದೇ ಹಿಡಿದೆವು: ಒಂದು ಲಕ್ಷಕ್ಕೆ 473 ರೂಪಾಯಿ. ಷೇರುಗಳನ್ನೇ ಕೊಂಡು ಮಾರಿದರೆ ಎಸ್‌ಟಿಟಿ ಎರಡೂ ಕಡೆ ಶೇ 0.1, ಅಂದರೆ 200 ರೂಪಾಯಿ ಅಲ್ಲೇ ಹೋಯಿತು. ಅದರ ಬದಲು ನಿಫ್ಟಿ ಇಟಿಎಫ್ ಆರಿಸಿದರೆ ಎಸ್‌ಟಿಟಿ ಮಾರುವಾಗ ಒಂದೇ ರೂಪಾಯಿ. ಸ್ಟ್ಯಾಂಪ್ ಶುಲ್ಕ 15, ವಿನಿಮಯ ಕೇಂದ್ರದ ಶುಲ್ಕ ಮತ್ತು ಮಾರಿದಾಗ ಡಿಮ್ಯಾಟ್ ಖಾತೆಯ ಶುಲ್ಕ ಸೇರಿ ಇಪ್ಪತ್ತು ಚಿಲ್ಲರೆ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರಕ್ಕೆ 50 ಎಂದು ಹಿಡಿದೆವು. ಒಟ್ಟು ಸುಮಾರು 90. ಉಳಿದ 383ರ ಮೇಲೆ ಅಲ್ಪಾವಧಿ ಲಾಭದ ತೆರಿಗೆ ಶೇ 20 ಮತ್ತು ಸೆಸ್, ಸುಮಾರು 80. ಕೈಗೆ 300. ಇದೇ ಹಣ ಆ ಐದಾರು ದಿನ ಲಿಕ್ವಿಡ್ ಫಂಡ್‌ನಲ್ಲಿ ಇದ್ದಿದ್ದರೂ, ವರ್ಷಕ್ಕೆ ಶೇ 6ರಂತೆ ಸುಮಾರು 80 ರೂಪಾಯಿ ಬರುತ್ತಿತ್ತು. ಹೆಚ್ಚುವರಿ ಸುಮಾರು 220.

"ಬರ‍್ತದಲ್ಲ ಮತ್ತೆ" ಎಂದ ತಮ್ಮ. ಹೌದು, ಖರ್ಚು ಇದನ್ನು ಕೊಲ್ಲಲಿಲ್ಲ. ಆದರೆ ಪುಸ್ತಕದ ಅಂಕಿ ಪೇಟೆಗೆ ಬಂದಾಗ ಕುಗ್ಗುತ್ತದೆ. ಮೆಕ್ಲೀನ್ ಮತ್ತು ಪಾಂಟಿಫ್ ಎಂಬ ಸಂಶೋಧಕರು 2016ರಲ್ಲಿ ಷೇರು ಆಯ್ಕೆಯ 97 ಸೂತ್ರಗಳನ್ನು ಅಳೆದಾಗ, ಪ್ರಕಟವಾದ ಮೇಲೆ ಅವುಗಳ ಗಳಿಕೆ ಸರಾಸರಿ ಶೇ 58ರಷ್ಟು ಇಳಿದಿತ್ತು. ಅವು ಕ್ಯಾಲೆಂಡರ್ ಸೂತ್ರಗಳಲ್ಲ, ಆದರೂ ಅಳತೆಗೋಲಾಗಿ ಅದನ್ನೇ ಇಲ್ಲಿ, ಸಾಮಾನ್ಯ ನಾಲ್ಕು ದಿನದ 61 ರೂಪಾಯಿ ಮೀರಿದ 412ಕ್ಕೆ ಹಿಡಿದರೆ, 473 ರೂಪಾಯಿ 234ಕ್ಕೆ ಇಳಿಯುತ್ತದೆ. 90 ಖರ್ಚು, 30 ತೆರಿಗೆ, ಲಿಕ್ವಿಡ್ ಫಂಡ್‌ನ 80 ಕಳೆದರೆ ತಿಂಗಳಿಗೆ ಉಳಿಯುವುದು 34.

ಇನ್ನೂ ದೊಡ್ಡ ತೊಡಕು ಸಮಯದ್ದು. ನಿಫ್ಟಿಯ ದಿನದ ಏರಿಳಿತ ಸುಮಾರು ಶೇ 1.2 ಎಂದು ಹಿಡಿದರೆ ನಾಲ್ಕು ದಿನಕ್ಕೆ ಅದು ಶೇ 2.4. ಒಂದು ಲಕ್ಷದ ಮೇಲೆ 2,400 ರೂಪಾಯಿ ಅತ್ತ ಅಥವಾ ಇತ್ತ ಆಡುವ ಹಣದಲ್ಲಿ 412 ರೂಪಾಯಿಯ ವ್ಯತ್ಯಾಸವನ್ನು ಹುಡುಕಬೇಕು. ಅದು ಆಕಸ್ಮಿಕವಲ್ಲ ಎಂದು ಸಾಮಾನ್ಯ ನಂಬಿಕೆಯ ಮಟ್ಟದಲ್ಲಿ ಹೇಳಲು ಸುಮಾರು 136 ತಿಂಗಳು, ಅಂದರೆ ಹನ್ನೊಂದು ವರ್ಷಕ್ಕೂ ಹೆಚ್ಚು ಬೇಕು. ಕುಗ್ಗಿದ ಅಂಕಿಯಾದರೆ ಅರವತ್ತು ವರ್ಷ ದಾಟುತ್ತದೆ. ನಿಫ್ಟಿಯ ಲೆಕ್ಕ ಶುರುವಾಗುವುದೇ 1995ರ ನವೆಂಬರ್‌ನಿಂದ. ಆರು ತಿಂಗಳು ಮಾಡಿ ನೋಡಿ ಗೆದ್ದೆ ಎನ್ನುವವರಿಗೂ ಸೋತೆ ಎನ್ನುವವರಿಗೂ ಆ ಆರು ತಿಂಗಳು ಏನನ್ನೂ ಹೇಳಿಲ್ಲ.

ತಮ್ಮನಿಗೆ ಹೆಚ್ಚು ನಾಟಿದ್ದು ಅವನದೇ ಕಸುಬಿನ ಮಾತು. ಬೇಸಿಗೆಯಲ್ಲಿ ಎಳನೀರಿನ ಬೆಲೆ ಏರುವುದು ಮದ್ದೂರಿಗೆಲ್ಲ ಗೊತ್ತು, ಆದರೂ ಪ್ರತಿ ವರ್ಷ ಏರುತ್ತದೆ, ಏಕೆಂದರೆ ಜನವರಿಯಲ್ಲಿ ಕಿತ್ತ ಎಳನೀರನ್ನು ಏಪ್ರಿಲ್‌ವರೆಗೆ ಇಡಲಾಗದು. ಮಂಡ್ಯದ ಬೆಲ್ಲವನ್ನು ಇಡಬಹುದು, ಹಾಗಾಗಿ ಅದರ ಏರಿಕೆ ಗೋದಾಮಿನ ಖರ್ಚು, ಬಡ್ಡಿಯ ಆಸುಪಾಸಿನಲ್ಲಿ ನಿಲ್ಲಬೇಕಾಗುತ್ತದೆ. ಷೇರನ್ನು ಇಡಲು ಹೆಚ್ಚುಕಡಿಮೆ ಏನೂ ಖರ್ಚಿಲ್ಲ. ಒಂದನೇ ತಾರೀಕು ಏರುತ್ತದೆಂದು ಗೊತ್ತಾದವನು ಮೂವತ್ತಕ್ಕೇ ಕೊಳ್ಳುತ್ತಾನೆ, ಅದನ್ನು ಬಲ್ಲವನು ಇಪ್ಪತ್ತೊಂಬತ್ತಕ್ಕೆ. ಏರಿಕೆ ಇದ್ದರೂ ತಾರೀಕು ಜಾರುತ್ತಾ ಹೋಗುತ್ತದೆ. ಅವನು ಒಂದು ಲಕ್ಷವನ್ನು ಇಂಡೆಕ್ಸ್ ಫಂಡ್‌ಗೆ ಹಾಕಿ ಸುಮ್ಮನಿದ್ದಾನೆ.

ಆದರೆ ಹೇಗೂ ಕೊಳ್ಳಲೇಬೇಕು, ಮಾರಲೇಬೇಕು ಎಂದಿದ್ದಾಗ ಈ ತಿಳಿವಳಿಕೆಗೆ ಖರ್ಚಿಲ್ಲ. ಮಗಳ ಕಾಲೇಜು ಶುಲ್ಕಕ್ಕೆ ಇಪ್ಪತ್ತೆಂಟಕ್ಕೆ ಮಾರುವ ಬದಲು ನಾಲ್ಕಕ್ಕೆ ಮಾರಲು ಸಾಧ್ಯವಿದ್ದರೆ ಮಾರಿ. ಮಳವಳ್ಳಿಯ ಶಿಕ್ಷಕಿಯೊಬ್ಬರು ಎಸ್‌ಐಪಿ ತಾರೀಕನ್ನು 5ರಿಂದ 26ಕ್ಕೆ ಬದಲಿಸಲೇ ಎಂದು ಕೇಳಿದ್ದರು. ಅವರ ಕಂತು 5,000 ರೂಪಾಯಿ. ಹಳೆಯ ಅಂಕಿ ಪೂರ್ತಿ ನಿಜವಾದರೂ ಬದಲಾವಣೆಯಿಂದ ಕಂತಿಗೆ ಸಿಗುವುದು ಇಪ್ಪತ್ತು ಚಿಲ್ಲರೆ ರೂಪಾಯಿ. 26ಕ್ಕೆ ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸ್ ಹೋದರೆ ಬ್ಯಾಂಕ್ ವಸೂಲು ಮಾಡುವ ದಂಡ ಒಂದೇ ಸಲಕ್ಕೆ ಕೆಲವು ನೂರು ರೂಪಾಯಿ. ಸಂಬಳ ಬಂದ ಮೇಲೆ, 5ಕ್ಕೇ ಇರಲಿ ಮೇಡಂ ಎಂದೆ.