ಹೆಣ್ಣು ನೋಡುವ ಮೊದಲೇ ಆಗಬೇಕಾದ ಮಾತು

ಮನೆಯ ಹೆಣ್ಣುಮಗಳಿಗೆ ತೊನ್ನು ಇದ್ದರೆ ಮದುವೆಯ ಮಾತುಕತೆಯಲ್ಲಿ ಅದನ್ನು ಯಾವಾಗ ಹೇಳಬೇಕು? ನಮ್ಮ ಕಡೆ ಹಿರಿಯರಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಮೊದಲು ಅವರು ಹುಡುಗೀನ ಒಪ್ಪಲಿ, ಆಮೇಲೆ ನೋಡೋಣ.’ ನನ್ನ ಮೈಮೇಲೂ ಬಿಳಿ ಮಚ್ಚೆಗಳಿವೆ. ಬಂಧುಬಳಗದಲ್ಲಿ ಇಂಥ ಮಾತುಕತೆ ಹೇಗೆ ಶುರುವಾಗುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ವರ್ಷಗಳಿಂದ ನೋಡುತ್ತ ಬಂದ ನನಗೆ ಮನದಟ್ಟಾಗಿರುವುದು ಈ ಉತ್ತರಕ್ಕೆ ತೀರಾ ವಿರುದ್ಧವಾದದ್ದು. ಜಾತಕ ಕೂಡಿಬಂದಿದೆ ಎಂದು ಫೋನ್ ಬಂದಾಗಲೇ, ಹೆಣ್ಣು ನೋಡಲು ದಿನ ಗೊತ್ತುಮಾಡುವ ಮುಂಚೆಯೇ ಹೇಳಿಬಿಡಬೇಕು. ಹಾಗೆ ಹೇಳುವಾಗ ಮೂರು ಸಂಗತಿಗಳು ನಮ್ಮ ಕೈಯಲ್ಲಿರಬೇಕು: ಈ ತೊಂದರೆ ಏನು, ಈಗ ಅದು ಯಾವ ಸ್ಥಿತಿಯಲ್ಲಿದೆ, ಮಕ್ಕಳಿಗೆ ಬರುವ ಸಾಧ್ಯತೆ ಎಷ್ಟು. ಈ ಮೂರನ್ನೂ ಬಿಟ್ಟು ಬರೀ ‘ಸ್ವಲ್ಪ ಚರ್ಮದ ತೊಂದರೆ ಇದೆ’ ಎಂದರೆ ಕೇಳಿದವರ ಮನಸ್ಸು ಅತ್ಯಂತ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತದೆ.

ಆ ಕೆಟ್ಟ ಊಹೆಯ ಹೆಸರು ಕುಷ್ಠ. ಎರಡನ್ನೂ ಜೋಡಿಸಿ ನೋಡುವ ರೂಢಿ ಬಹಳ ಹಳೆಯದು. ಯಾವ ಮನೆತನಗಳಿಂದ ಹೆಣ್ಣು ತರಬಾರದು ಎಂದು ಮನುಸ್ಮೃತಿಯ ಮೂರನೆಯ ಅಧ್ಯಾಯ ಕೊಡುವ ಪಟ್ಟಿಯಲ್ಲಿ ತೊನ್ನಿರುವ ಕುಲವೂ ಕುಷ್ಠವಿರುವ ಕುಲವೂ ಅಕ್ಕಪಕ್ಕದಲ್ಲೇ ಇವೆ. ಅಲ್ಲಿ ದೂರವಿಡುವುದು ಒಬ್ಬ ವ್ಯಕ್ತಿಯನ್ನಲ್ಲ, ಇಡೀ ಕುಲವನ್ನು. ಇಂದಿಗೂ ಅಕ್ಕನ ಮೈಮೇಲಿನ ಮಚ್ಚೆಗೆ ತಂಗಿಯ ಸಂಬಂಧ ತಪ್ಪಿಹೋಗುವುದರ ಹಿಂದೆ ಇದೇ ಲೆಕ್ಕಾಚಾರವಿದೆ. ನಿಜದಲ್ಲಿ ಎರಡಕ್ಕೂ ಸಂಬಂಧವೇ ಇಲ್ಲ. ಕುಷ್ಠ ಬರುವುದು ಒಂದು ಬ್ಯಾಕ್ಟೀರಿಯಾದಿಂದ. ಅದರ ಮಚ್ಚೆ ಹಾಲಿನಂತೆ ಬೆಳ್ಳಗಿರುವುದಿಲ್ಲ, ಸುತ್ತಲಿನ ಚರ್ಮಕ್ಕಿಂತ ಮಾಸಲಾಗಿಯೋ ಕೆಂಪಗೋ ಇರುತ್ತದೆ, ಸಾಮಾನ್ಯವಾಗಿ ಅಲ್ಲಿ ಮುಟ್ಟಿದ್ದೂ ಚುಚ್ಚಿದ್ದೂ ತಿಳಿಯುವುದಿಲ್ಲ. ತೊನ್ನಿನಲ್ಲಿ ನಮ್ಮದೇ ರೋಗನಿರೋಧಕ ಕಣಗಳು ಚರ್ಮಕ್ಕೆ ಬಣ್ಣ ಕೊಡುವ ಕಣಗಳ ಮೇಲೆ ತಿರುಗಿಬೀಳುತ್ತವೆ. ಬಣ್ಣ ಹೋಗುತ್ತದೆ, ಸ್ಪರ್ಶ ಪೂರ್ತಿ ಉಳಿಯುತ್ತದೆ. ಮುಟ್ಟಿದರೆ, ಒಟ್ಟಿಗೆ ಉಂಡರೆ, ಜೊತೆಯಲ್ಲಿ ಸಂಸಾರ ಮಾಡಿದರೆ ಹರಡುವುದಿಲ್ಲ. ಅನುಮಾನವಿದ್ದರೆ ಚರ್ಮರೋಗ ತಜ್ಞರು ಕತ್ತಲ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪ ಹಿಡಿದು ನೋಡುತ್ತಾರೆ. ತೊನ್ನಿನ ಮಚ್ಚೆ ಆಗ ನೀಲಿಬಿಳುಪಾಗಿ ಹೊಳೆಯುತ್ತದೆ. ಕುಷ್ಠ ಕೂಡ ಇಂದು 6ರಿಂದ 12 ತಿಂಗಳ ಔಷಧಿಯಲ್ಲಿ ವಾಸಿಯಾಗುವ ಕಾಯಿಲೆ, ಅದರ ಹೆಸರಲ್ಲಿ ವಿಚ್ಛೇದನ ಕೇಳುವ ಅವಕಾಶವನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿದೆ. ಹಾಗಾಗಿ ‘ನಮ್ಮದು ಕುಷ್ಠವಲ್ಲ’ ಎನ್ನುವಾಗ ಕುಷ್ಠವಿದ್ದವರನ್ನು ಕೀಳುಮಾಡುವ ದನಿ ಬೇಡ. ವೈದ್ಯಕೀಯ ವ್ಯತ್ಯಾಸವನ್ನಷ್ಟೇ ಹೇಳಿದರೆ ಸಾಕು.

ಎರಡನೆಯ ಭಯ ಮಕ್ಕಳದು. ‘ವಂಶಪಾರಂಪರ್ಯವೇ?’ ಎಂದು ಬೀಗರಾಗುವವರು ಕೇಳಿದರೆ ‘ಇಲ್ಲವೇ ಇಲ್ಲ’ ಎನ್ನುವುದು ಸುಳ್ಳು, ‘ಹೌದು’ ಎಂದಷ್ಟೇ ಹೇಳಿ ನಿಲ್ಲಿಸುವುದು ಅದಕ್ಕಿಂತ ದಾರಿತಪ್ಪಿಸುವ ಮಾತು. ಜಗತ್ತಿನಲ್ಲಿ ನೂರು ಜನರಲ್ಲಿ ಅರ್ಧದಿಂದ ಎರಡು ಮಂದಿಗೆ ತೊನ್ನು ಇದೆ ಎನ್ನುತ್ತವೆ ಹೆಚ್ಚಿನ ಸಮೀಕ್ಷೆಗಳು. ತೊನ್ನಿರುವವರ ಒಡಹುಟ್ಟಿದವರು, ಮಕ್ಕಳು ಮುಂತಾದ ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ಸಂಖ್ಯೆ ನೂರಕ್ಕೆ ಸುಮಾರು 6 ಅಥವಾ 7. ಅಂದರೆ ಅಪಾಯ ಹೆಚ್ಚುವುದು ನಿಜ, ಆದರೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಬರುವುದಿಲ್ಲ. ಇನ್ನೂ ಬಲವಾದ ಸಾಕ್ಷ್ಯ ಅವಳಿಗಳದು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಒಂದೇ ಬಗೆಯವು. ಆದರೂ ಒಬ್ಬರಿಗೆ ತೊನ್ನಿದ್ದಾಗ ಇನ್ನೊಬ್ಬರಲ್ಲೂ ಕಂಡದ್ದು ನೂರಕ್ಕೆ ಸುಮಾರು 23 ಜೋಡಿಗಳಲ್ಲಿ ಮಾತ್ರ. ವಂಶವಾಹಿ ದಾರಿ ಮಾಡಿಕೊಡಬಹುದು, ಅದೊಂದೇ ತೊನ್ನು ತರುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಮನೆಯಲ್ಲಿ ಯಾರಿಗೂ ಇಲ್ಲ ಎಂದು ಎದೆತಟ್ಟಿಕೊಳ್ಳುವ ಗಂಡಿನ ಕಡೆಯವರಿಗೂ ಇದರಿಂದ ಪೂರ್ಣ ರಕ್ಷಣೆಯಿಲ್ಲ. ತೊನ್ನಿರುವ ಹೆಚ್ಚಿನವರ ಮನೆಯಲ್ಲಿ ಅವರಿಗಿಂತ ಮೊದಲು ಅದು ಯಾರಿಗೂ ಇರುವುದಿಲ್ಲ.

ಮೂರನೆಯದು ಈಗಿನ ಸ್ಥಿತಿ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಹುಡುಗಿಗೆ 26 ವರ್ಷ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಣ್ಣಿನ ಸುತ್ತ, ಬೆರಳ ತುದಿಗಳಲ್ಲಿ, ಮಂಡಿಯ ಮೇಲೆ ಮಚ್ಚೆ ಬಂದವು. ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ಲೈಟ್ ಚಿಕಿತ್ಸೆ ಪಡೆದ ಮೇಲೆ ಮುಖದಲ್ಲಿ ಬಣ್ಣ ತುಂಬಿದೆ, ಬೆರಳ ತುದಿ ಹಾಗೇ ಉಳಿದಿದೆ. ಇದು ಚಿಕಿತ್ಸೆಯ ಸೋಲಲ್ಲ. ಬಣ್ಣದ ಕಣಗಳು ಮರಳಿ ಬರುವುದು ಮುಖ್ಯವಾಗಿ ಕೂದಲ ಬುಡದಿಂದ. ಕೂದಲಿಲ್ಲದ ಬೆರಳ ತುದಿ, ತುಟಿಗಳಲ್ಲಿ ಆ ಮೂಲವೇ ಇಲ್ಲ. ಎರಡು ವರ್ಷದಿಂದ ಹೊಸ ಮಚ್ಚೆ ಬಂದಿಲ್ಲ, ಹಳೆಯದು ಹಿಗ್ಗಿಲ್ಲ. ವೈದ್ಯರು ಇದನ್ನು ಸ್ಥಿರ ಸ್ಥಿತಿ ಎನ್ನುತ್ತಾರೆ, ಬೇಕಿದ್ದರೆ ಕಸಿ ಮಾಡುವುದೂ ಇಂಥ ಸ್ಥಿತಿಯಲ್ಲೇ. ತೊನ್ನಿರುವವರಲ್ಲಿ ಥೈರಾಯ್ಡ್ ತೊಂದರೆ ಉಳಿದವರಿಗಿಂತ ಹೆಚ್ಚು ಕಾಣುವುದರಿಂದ ರಕ್ತಪರೀಕ್ಷೆಯೂ ಆಗಿದೆ, ಅದು ಸರಿಯಿದೆ. ಈಗ ಅವಳ ಸೋದರಮಾವ ಫೋನಿನಲ್ಲಿ ಹೇಳಬೇಕಾದದ್ದು ಇಷ್ಟೇ: ‘ನಮ್ಮ ಹುಡುಗಿಗೆ ಏಳು ವರ್ಷದಿಂದ ತೊನ್ನಿದೆ. ಬೆರಳ ತುದೀಲಿ, ಮಂಡಿ ಮೇಲೆ ಇದೆ, ಮುಖದ್ದು ವಾಸಿಯಾಗಿದೆ. ಎರಡು ವರ್ಷದಿಂದ ಹೊಸದು ಬಂದಿಲ್ಲ, ಮುಂದೆ ಬರೋದೇ ಇಲ್ಲ ಅಂತ ಯಾರೂ ಹೇಳೋಕಾಗಲ್ಲ. ಅಂಟೋದಲ್ಲ. ನೀವು ಮನೇಲಿ ಮಾತಾಡಿಕೊಂಡು ಹೇಳಿ, ಡಾಕ್ಟರ್ ಹತ್ತಿರ ಕೇಳ್ಬೇಕಂದ್ರೆ ಒಟ್ಟಿಗೆ ಹೋಗೋಣ.’ ಇದರಲ್ಲಿ ಅಂಗಲಾಚುವುದೂ ಇಲ್ಲ, ಮುಚ್ಚಿಡುವುದೂ ಇಲ್ಲ. ಮುಂದೆ ಹೆಚ್ಚಬಹುದು ಎಂಬ ಮಾತನ್ನು ಬಿಟ್ಟುಬಿಡಬಾರದು. ಮದುವೆಯಾದ ಮೇಲೆ ಹೊಸ ಮಚ್ಚೆ ಬಂದರೆ ಆ ಒಂದು ಮಾತೇ ಅವಳನ್ನು ‘ಮೋಸ’ದ ಆರೋಪದಿಂದ ಕಾಯುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ: ಹೀಗೆ ಹೇಳಿದರೆ ಒಬ್ಬರೂ ಬರುವುದಿಲ್ಲ. ಬರುವವರ ಸಂಖ್ಯೆ ಇಳಿಯುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಅದರಲ್ಲೂ ಹೆಣ್ಣಿನ ವಿಷಯದಲ್ಲಿ. ಅದೇ ಮಚ್ಚೆ ಗಂಡಿಗಿದ್ದರೆ ಕೆಲಸ, ಆಸ್ತಿ ನೋಡಿ ಒಪ್ಪುವ ಮನೆಗಳಿವೆ. ಹೆಣ್ಣಿಗೆ ಆ ರಿಯಾಯಿತಿ ಸಿಗುವುದು ಕಡಿಮೆ. ಆದರೆ ಇಲ್ಲಿ ಹೋಲಿಸಬೇಕಾದದ್ದು ಎಷ್ಟು ಮಂದಿ ಮನೆಗೆ ಬಂದು ಹೋದರು ಎಂಬುದನ್ನಲ್ಲ. ತಡವಾಗಿ ತಿಳಿದರೂ ಬೇಡವೆನ್ನುವವರು ಬೇಡವೆಂದೇ ಹೇಳುತ್ತಾರೆ. ವ್ಯತ್ಯಾಸ ಅದು ಎಲ್ಲಿ ನಡೆಯುತ್ತದೆ ಎಂಬುದರಲ್ಲಿದೆ. ಫೋನಿನಲ್ಲಿ ಬಂದ ‘ಬೇಡ’ ಇಬ್ಬರು ಹಿರಿಯರ ನಡುವೆ ಮುಗಿಯುತ್ತದೆ. ಹುಡುಗಿ ಸೀರೆಯುಟ್ಟು ಬಂದು ಕೂತ ಮೇಲೆ ಬಂದ ‘ಬೇಡ’ ಅವಳ ಮುಖಕ್ಕೇ ಬೀಳುತ್ತದೆ. ನಿಶ್ಚಿತಾರ್ಥವಾದ ಮೇಲೆ ಬಂದರೆ ಊರಿಗೆಲ್ಲ ಗೊತ್ತಾಗುತ್ತದೆ, ಮುಂದಿನ ಸಂಬಂಧದವರು ಮೊದಲು ಕೇಳುವುದೇ ‘ಯಾಕೆ ಮುರಿಯಿತು’ ಎಂದು.

ಎರಡನೆಯ ಆಕ್ಷೇಪ: ಮಚ್ಚೆ ಬಟ್ಟೆಯೊಳಗಿದೆ, ಚಿಕ್ಕದು, ಯಾರಿಗೂ ತೊಂದರೆಯಿಲ್ಲ, ಹೇಳುವ ಅಗತ್ಯವೇನು? ನ್ಯಾಯವಾಗಿ ನೋಡಿದರೆ ಈ ವಾದದಲ್ಲಿ ತೂಕವಿದೆ. ತೊನ್ನು ವಿಚ್ಛೇದನಕ್ಕೆ ಕಾರಣವೆಂದು ಹಿಂದೂ ವಿವಾಹ ಕಾಯ್ದೆ ಎಲ್ಲಿಯೂ ಹೇಳಿಲ್ಲ. ಆದರೆ 1955ರ ಅದೇ ಕಾಯ್ದೆಯ 12ನೇ ಕಲಂ, ಮುಖ್ಯ ಸಂಗತಿಯನ್ನು ವಂಚನೆಯಿಂದ ಮರೆಮಾಡಿ ಒಪ್ಪಿಗೆ ಪಡೆದಿದ್ದರೆ ಮದುವೆಯನ್ನು ರದ್ದುಮಾಡಲು ಅರ್ಜಿ ಹಾಕುವ ದಾರಿ ಕೊಡುತ್ತದೆ. ವಂಚನೆ ಗೊತ್ತಾದ ಒಂದು ವರ್ಷದೊಳಗೆ ಹಾಕಬೇಕು, ಗೊತ್ತಾದ ಮೇಲೂ ಒಪ್ಪಿ ಸಂಸಾರ ಮಾಡಿದ್ದರೆ ಅದು ನಡೆಯುವುದಿಲ್ಲ. ತೊನ್ನು ಅಂಥ ಮುಖ್ಯ ಸಂಗತಿಯೇ ಅಲ್ಲವೇ ಎಂಬುದು ಆಯಾ ಪ್ರಕರಣದ ವಿವರಕ್ಕೆ ಬಿಟ್ಟದ್ದು. ಹೇಳಿದವಳ ಮೇಲೆ ಮಾತ್ರ ಆ ಅರ್ಜಿಯೇ ನಿಲ್ಲುವುದಿಲ್ಲ. ಕಾನೂನಿಗಿಂತ ದೊಡ್ಡ ಕಾರಣ ಅವಳ ಚಿಕಿತ್ಸೆ. ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗುವುದನ್ನು ಅತ್ತೆಮನೆಯಲ್ಲಿ ಗುಟ್ಟಾಗಿ ನಡೆಸಲು ಆಗುವುದಿಲ್ಲ, ಹಾಗಾಗಿ ಗುಟ್ಟು ಉಳಿಸಲು ಚಿಕಿತ್ಸೆಯೇ ನಿಲ್ಲುತ್ತದೆ. ಜೊತೆಗೆ ಉಜ್ಜುವ, ಗೀರುವ ಜಾಗದಲ್ಲಿ ಹೊಸ ಮಚ್ಚೆ ಬರುವುದು ತೊನ್ನಿನ ಸ್ವಭಾವ. ಲಂಗದ ಲಾಡಿಯನ್ನು ಸಡಿಲವಾಗಿ ಕಟ್ಟಬೇಕು, ಅಂಟಿಸುವ ಬಿಂದಿಯನ್ನು ಬಿಡಬೇಕು. ಕೆಲವು ಬಿಂದಿಗಳ ಅಂಟಿನಲ್ಲಿರುವ ರಾಸಾಯನಿಕ ಬಣ್ಣದ ಕಣಗಳನ್ನೇ ಕೊಲ್ಲುತ್ತದೆ. ಹಣೆಗೆ ಸ್ಟಿಕರ್ ಬೇಡ, ಕುಂಕುಮ ಇಡುತ್ತೇನೆ ಎಂದು ಕಾರಣ ಸಹಿತ ಹೇಳಲಾಗದ ಮನೆಯಲ್ಲಿ ಅವಳು ತನ್ನ ಚರ್ಮವನ್ನು ಹೇಗೆ ಕಾಪಾಡಿಕೊಳ್ಳಬೇಕು?

ಮೂರನೆಯದು, ‘ಪೂರ್ತಿ ವಾಸಿಮಾಡಿಸಿ ಆಮೇಲೆ ಗಂಡು ನೋಡೋಣ.’ ಲೈಟ್ ಚಿಕಿತ್ಸೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲೇ ಕೆಲವು ತಿಂಗಳು ಬೇಕು, ಬಣ್ಣ ಬಂದ ಜಾಗದಲ್ಲಿ ಮತ್ತೆ ಮಚ್ಚೆ ಬರುವುದೂ ಅಪರೂಪವಲ್ಲ. ಹಾಗಾಗಿ ‘ಪೂರ್ತಿ’ ಎಂಬ ಗಡಿಯನ್ನು ಯಾವ ವೈದ್ಯರೂ ದಿನಾಂಕ ಹಾಕಿ ಕೊಡಲಾರರು. ಆ ಗಡುವು ಹಾಕಿಕೊಂಡ ಮನೆಗಳೇ ಹುಳಿ ಬಿಡು, ಮೀನು ಬಿಡು ಎನ್ನುವ ಪಥ್ಯಗಳಿಗೂ ಹೆಸರಿಲ್ಲದ ಲೇಪಗಳಿಗೂ ದುಡ್ಡು ಸುರಿಯುತ್ತವೆ. ಮೊಡವೆಯ ಕಲೆಗಳ ವಿಷಯದಲ್ಲೂ ಇದೇ ಅವಸರ ಕೆಲಸ ಮಾಡುತ್ತದೆ. ಹೆಣ್ಣು ನೋಡುವ ದಿನಕ್ಕೆಂದು ಅಂಗಡಿಯಿಂದ ತಂದು ಹಚ್ಚಿದ ಸ್ಟೀರಾಯ್ಡ್ ಬೆರೆತ ಬಿಳುಪಿನ ಕ್ರೀಮ್ ಕೆಲವು ವಾರ ಮುಖವನ್ನು ನುಣುಪಾಗಿಸಿ, ಬಿಟ್ಟೊಡನೆ ಕೆಂಪು, ಉರಿ, ಇನ್ನಷ್ಟು ಮೊಡವೆ ತರುತ್ತದೆ. ತೀವ್ರ ಮೊಡವೆಗೆ ವೈದ್ಯರು ಕೊಡುವ ಐಸೊಟ್ರೆಟಿನೊಯಿನ್ ಮಾತ್ರೆ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುವಂಥದ್ದು. ಅದನ್ನು ನಿಲ್ಲಿಸಿ ಕನಿಷ್ಠ ಒಂದು ತಿಂಗಳಾಗುವವರೆಗೆ ಗರ್ಭ ಧರಿಸಬಾರದು. ಮಾತ್ರೆಯ ವಿಷಯ ಗಂಡನಿಗೇ ಗೊತ್ತಿಲ್ಲದ ಮದುವೆಯಲ್ಲಿ ಈ ಎಚ್ಚರ ಪಾಲಿಸುವುದು ಕಷ್ಟ.

ಗಂಡಿನ ಕಡೆಯವರಿಗೆ ಬೇಡವೆನ್ನುವ ಹಕ್ಕಿಲ್ಲವೇ ಎಂದು ಕೇಳುವವರೂ ಇದ್ದಾರೆ. ಇದೆ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಆ ನಿರ್ಧಾರ ಕುಷ್ಠದ ಭಯದ ಮೇಲೆ, ಮೊಮ್ಮಕ್ಕಳಿಗೆಲ್ಲ ಬಂದೇ ಬರುತ್ತದೆ ಎಂಬ ಊಹೆಯ ಮೇಲೆ ನಿಂತಿರಬಾರದು. ತಿಳಿದು ಬೇಡವೆಂದವರ ಮೇಲೆ ಕೋಪ ಬೇಡ; ತಿಳಿಯದೆ ಬೇಡವೆಂದವರಿಗೆ ತಿಳಿಸುವ ಕೆಲಸ ನಮ್ಮದು. ಇವೆಲ್ಲಕ್ಕಿಂತ ಮೊದಲು ಆಗಬೇಕಾದದ್ದು ಒಂದಿದೆ: ಫೋನ್ ಮಾಡುವ ಸೋದರಮಾವ ಏನು ಹೇಳುತ್ತಾರೆ, ಎಷ್ಟು ಹೇಳುತ್ತಾರೆ ಎಂಬುದನ್ನು ಹುಡುಗಿಯ ಜೊತೆ ಕೂತು ನಿಶ್ಚಯಿಸಬೇಕು. ಚರ್ಮ ಅವಳದು. ಯಾವ ಜಾಗದ ಮಚ್ಚೆಯನ್ನು ಹೆಸರಿಸಬೇಕು, ಫೋಟೊ ಕಳಿಸಬೇಕೇ ಬೇಡವೇ, ವೈದ್ಯರ ಚೀಟಿ ತೋರಿಸಬೇಕೇ ಎಂಬುದಕ್ಕೆ ಅವಳ ಒಪ್ಪಿಗೆಯೇ ಕೊನೆಯ ಮಾತು. ಆ ಒಪ್ಪಿಗೆಯಿಂದ ಹೊರಟ ಮಾತು ಮನೆಯವರು ಬೇರೆಯವರ ಮುಂದೆ ಒಪ್ಪಿಕೊಂಡ ದೋಷವಾಗುವುದಿಲ್ಲ. ಅವಳು ತನ್ನ ಬಗ್ಗೆ ತಾನೇ ಕೊಟ್ಟ ಮಾಹಿತಿಯಾಗುತ್ತದೆ.