ಒಂದು ಕವಿತೆ, ಎರಡು ಟ್ಯೂನು: ಹತ್ತು ಮಾರ್ಕಿನ ಉತ್ತರ ಬರೆಯೋದು ಹೇಗೆ?

ಮ್ಯೂಸಿಕ್ ಎಲೆಕ್ಟಿವ್‌ನ ಇಂಟರ್ನಲ್ಸ್‌ನಲ್ಲಿ ನಾನು ಮಾಡಿದ ತಪ್ಪು ಇದು: ಮೊದಲ ಪುಟ ಪೂರ್ತಿ ಶೂಬರ್ಟ್, ಎರಡನೇ ಪುಟ ಪೂರ್ತಿ ಲೋವೆ. ಹತ್ತಕ್ಕೆ ನಾಲ್ಕು ಬಂತು. ಎರಡು ಸಾರಾಂಶ ಬರೆದಿದ್ದೆ, ಹೋಲಿಕೆ ಎಲ್ಲೂ ಇರಲಿಲ್ಲ. ಸೆಮ್ ಎಂಡ್‌ಗೆ ಮಾಡಿಕೊಂಡ ಪ್ಲಾನ್ ಕೆಳಗಿದೆ.

ಕವಿತೆ ಗಯಟೆಯ 'ಎರ್ಲ್‌ಕೋನಿಗ್' (1782). ರಾತ್ರಿ ಅಪ್ಪ ಮಗನನ್ನು ಎತ್ತಿಕೊಂಡು ಕುದುರೆ ಮೇಲೆ ಹೋಗ್ತಿದ್ದಾನೆ. ಮಗನಿಗೆ ಮಾತ್ರ ಒಬ್ಬ ಮಾಯಾರಾಜ ಕರೆಯೋದು ಕೇಳಿಸುತ್ತೆ. ಕೊನೆಗೆ ಮಗು ಸತ್ತಿರುತ್ತೆ. ಶೂಬರ್ಟ್ ಇದಕ್ಕೆ 1815ರಲ್ಲಿ ಸಂಗೀತ ಹಾಕಿದ, ಲೋವೆ 1818ರಲ್ಲಿ. ಎರಡೂ ಜಿ ಮೈನರ್‌ನಲ್ಲೇ ಇವೆ. ಹಾಗಾಗಿ ವ್ಯತ್ಯಾಸ ಹುಡುಕೋದು ಸುಲಭ.

ಪ್ಯಾರಾ 1: ಒಂದೇ ವಾಕ್ಯದಲ್ಲಿ ನಿಮ್ಮ ವಾದ. ಉದಾಹರಣೆಗೆ: 'ಶೂಬರ್ಟ್‌ನ ರಾಜ ಆಸೆ ತೋರಿಸುತ್ತಾನೆ, ಲೋವೆಯ ರಾಜ ಮಂಕು ಕವಿಸುತ್ತಾನೆ.'

ಪ್ಯಾರಾ 2: ರಾಜನ ದನಿ. 3, 5, 7ನೇ ಪದ್ಯಗಳನ್ನು ಮಾತ್ರ ಕೇಳಿ. ಸ್ಕೋರ್ ಓದೋಕೆ ಬರದಿದ್ದರೂ ಪರವಾಗಿಲ್ಲ. ಮೂಲ ಶ್ರುತಿಯಲ್ಲೇ ಹಾಡಿರೋ ರೆಕಾರ್ಡಿಂಗ್ ಹಾಕಿ, ಜಿ ಸ್ವರವನ್ನು ಶ್ರುತಿಯ ಹಾಗೆ ಗುನುಗುತ್ತಾ ಇರಿ. ಲೋವೆಯಲ್ಲಿ ಮೂರು ಸಲವೂ ಅದೇ ಷಡ್ಜವಾಗಿ ಕೂರುತ್ತೆ, ಯಾಕಂದ್ರೆ ರಾಜ ಯಾವಾಗಲೂ ಜಿ ಮೇಜರ್‌ನಲ್ಲೇ, ಆ ಕಾರ್ಡ್‌ನ ಸ್ವರಗಳ ಮೇಲೇ, ಪಿಸುದನಿಯಲ್ಲಿ ಹಾಡುತ್ತಾನೆ. ಶೂಬರ್ಟ್‌ನಲ್ಲಿ ಷಡ್ಜವೇ ಜಾರುತ್ತೆ: ಬಿ ಫ್ಲಾಟ್ ಮೇಜರ್, ಆಮೇಲೆ ಸಿ ಮೇಜರ್, ಕೊನೆಗೆ ಇ ಫ್ಲಾಟ್ ಮೇಜರ್. ಆದರೆ ಬಲವಂತದ ಮಾತು ಬಂದಾಗ ಅದು ಡಿ ಮೈನರ್‌ಗೆ ತಿರುಗುತ್ತೆ. ಸಿಹಿ ಮಾತಿನ ಮುಖವಾಡ ಅಲ್ಲಿ ಕಳಚಿತು ಅಂತ ಬರೆಯಬಹುದು.

ಪ್ಯಾರಾ 3: ಮಗುವಿನ ಕೂಗು. ಶೂಬರ್ಟ್ ಅದನ್ನು ಪ್ರತಿ ಸಲ ಮೇಲಿನ ಸ್ವರಕ್ಕೆ ಏರಿಸುತ್ತಾನೆ: ಇ ಫ್ಲಾಟ್, ಎಫ್, ಜಿ ಫ್ಲಾಟ್. ಮೊದಲ ಕೂಗಿನ ಕೆಳಗೆ ಪಿಯಾನೋದಲ್ಲಿ ಡಿ ಇದೆ. ಡಿ, ಇ ಫ್ಲಾಟ್ ಎರಡೂ ಅಕ್ಕಪಕ್ಕದ ಸ್ವರಗಳು, ಒಟ್ಟಿಗೆ ಬಂದಾಗ ಕಿವಿಗೆ ಚುಚ್ಚುತ್ತೆ. ಇದೇ ಜಾಗದಲ್ಲಿ ಲೋವೆ ಏನು ಮಾಡಿದ್ದಾನೆ ಅಂತ ತಕ್ಷಣ ಮುಂದಿನ ವಾಕ್ಯದಲ್ಲೇ ಬರೀರಿ, ಮುಂದಿನ ಪುಟಕ್ಕೆ ತಳ್ಳಬೇಡಿ.

ಪ್ಯಾರಾ 4: ತೀರ್ಪು. 'ಯಾವುದು ಚೆನ್ನಾಗಿದೆ' ಅಲ್ಲ, ಯಾರು ಕವಿತೆಯನ್ನು ಹೇಗೆ ಓದಿದರು ಅನ್ನೋದು. ಲೋವೆಯಲ್ಲಿ ರಾಜನಿಗೂ ಅಪ್ಪನ ಲೋಕಕ್ಕೂ ಷಡ್ಜ ಒಂದೇ ಆದ್ದರಿಂದ, ಅವನು ಮಗುವಿನ ಜ್ವರದ ಭ್ರಮೆ ಇರಬಹುದು ಅಂತ ವಾದಿಸಬಹುದು. ಶೂಬರ್ಟ್‌ನ ರಾಜ ಬೇರೆ ಲೋಕದಿಂದ ಬಂದವನು.

ಬರೆದ ಮೇಲೆ ಒಂದು ಟೆಸ್ಟ್ ಮಾಡಿ. 'ಪಿಯಾನೋ ಭಯ ಹುಟ್ಟಿಸುತ್ತೆ' ಅನ್ನೋ ವಾಕ್ಯ ಎರಡು ಹಾಡಿಗೂ ಹೊಂದುತ್ತೆ, ಹಾಗಾಗಿ ಅದು ಎವಿಡೆನ್ಸ್ ಅಲ್ಲ. ಯಾವ ಪದ್ಯ, ಯಾವ ಸ್ವರ, ಅದರಿಂದ ಏನಾಯ್ತು, ಈ ಮೂರೂ ಇದ್ದರೆ ಮಾತ್ರ ಉಳಿಸಿಕೊಳ್ಳಿ.