ವರ್ಷಾಂತ್ಯದ ದಾಸ್ತಾನು ಎಣಿಕೆ: ವ್ಯತ್ಯಾಸವನ್ನು ನಷ್ಟಕ್ಕೆ ಬರೆಯುವ ಮುನ್ನ

ಮಾರ್ಚ್ 31ರಂದು ಗೋದಾಮಿನಲ್ಲಿ ನಡೆಯುವ ದಾಸ್ತಾನು ಎಣಿಕೆಯ ವೀಕ್ಷಕನು ತಾನೇ ಎಣಿಸುವವನಲ್ಲ. ಎಣಿಕೆಯು ಸರಿಯಾದ ಕ್ರಮದಲ್ಲಿ ನಡೆಯುತ್ತಿದೆಯೇ ಎಂಬುದನ್ನು ನೋಡುವವನು. ಎಣಿಕೆ ಆರಂಭವಾಗುವ ಮೊದಲು ಸರಕಿನ ಆವಕ-ಜಾವಕ ನಿಂತಿರಬೇಕು. ಆ ವೇಳೆಗೆ ಬರೆಯಲಾದ ಕೊನೆಯ ಸರಕು ಸ್ವೀಕೃತಿ ಚೀಟಿಯ ಹಾಗೂ ಕೊನೆಯ ಚಲನ್‌ನ ಸಂಖ್ಯೆಗಳನ್ನು ವೀಕ್ಷಕನು ಗುರುತು ಹಾಕಿಕೊಳ್ಳಬೇಕು. ಎಣಿಸುವವರಿಗೆ ಕೊಡುವ ಹಾಳೆಗಳಿಗೆ ಕ್ರಮಸಂಖ್ಯೆ ಇರಬೇಕು. ಆದರೆ ಪುಸ್ತಕದ ಪ್ರಮಾಣವನ್ನು ಅದರಲ್ಲಿ ನಮೂದಿಸಬಾರದು. ಅದು ಕಣ್ಣಿಗೆ ಬಿದ್ದರೆ ಎಣಿಕೆಯು ತಾನಾಗಿಯೇ ಅದಕ್ಕೆ ಹೊಂದಿಕೊಳ್ಳುತ್ತದೆ.

ವೀಕ್ಷಕನ ಪರೀಕ್ಷಾ ಎಣಿಕೆ ಎರಡು ದಿಕ್ಕಿನಲ್ಲಿ ನಡೆಯಬೇಕು. ಹಾಳೆಯಿಂದ ಸರಕಿಗೆ ಹೋದರೆ ಇಲ್ಲದ ಸರಕನ್ನು ಬರೆದಿರುವುದು ತಿಳಿಯುತ್ತದೆ. ಸರಕಿನಿಂದ ಹಾಳೆಗೆ ಬಂದರೆ ಎಣಿಸದೆ ಬಿಟ್ಟದ್ದು ತಿಳಿಯುತ್ತದೆ.

ವಿದ್ಯುತ್ ತಂತಿಗಳ ಸಗಟು ವ್ಯಾಪಾರಿಯೊಬ್ಬರ ಉದಾಹರಣೆಯನ್ನು ತೆಗೆದುಕೊಳ್ಳೋಣ. 2.5 ಚದರ ಮಿ.ಮೀ. ತಂತಿಯ ಸುರುಳಿಗಳು ಪುಸ್ತಕದ ಪ್ರಕಾರ 412. ಎಣಿಕೆಯಲ್ಲಿ ದೊರೆತವು 391. ಕೊರತೆ 21. ಖರೀದಿ ಬೆಲೆ ಸುರುಳಿಗೆ ರೂ. 1,500 ಆದ್ದರಿಂದ ರೂ. 31,500 ನಷ್ಟವೆಂದು ಬರೆದು ಮುಗಿಸಿಬಿಡುವುದು ಸುಲಭ. ಆದರೆ ಜಿಎಸ್‌ಟಿ ಕಾಯಿದೆಯ 17(5)ನೇ ಕಲಮಿನಂತೆ, ಕಳೆದುಹೋದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆ ದೊರೆಯದು. ಶೇ. 18ರ ದರದಲ್ಲಿ ರೂ. 5,670ನ್ನೂ ಹಿಂದಿರುಗಿಸಬೇಕಾಗುತ್ತದೆ.

ಗುರುತು ಹಾಕಿಕೊಂಡ ಸಂಖ್ಯೆಗಳು ಈಗ ಉಪಯೋಗಕ್ಕೆ ಬರುತ್ತವೆ. ಕೊನೆಯ ಚಲನ್‌ನಲ್ಲಿ 12 ಸುರುಳಿಗಳು 31ರ ಸಂಜೆಯೇ ಹೊರಗೆ ಹೋಗಿದ್ದವು. ಬಿಲ್ ಮಾತ್ರ ಏಪ್ರಿಲ್ 1ರಂದು ಆಗಿತ್ತು. ಈ ಮಾರಾಟವು ಮಾರ್ಚ್‌ಗೆ ಸೇರಬೇಕು; ಪುಸ್ತಕದ ದಾಸ್ತಾನು 400ಕ್ಕೆ ಇಳಿಯುತ್ತದೆ. ಸರಕು ಹೊರಡುವ ಹೊತ್ತಿಗೇ ಬಿಲ್ ಆಗಬೇಕೆಂಬುದು ಕಾಯಿದೆಯ ನಿಯಮವಾದ್ದರಿಂದ, ಈ ಲೋಪವನ್ನು ಲೆಕ್ಕಪರಿಶೋಧಕರ ಗಮನಕ್ಕೆ ತಂದು ತೆರಿಗೆಯನ್ನೂ ಮಾರ್ಚ್ ತಿಂಗಳಲ್ಲಿಯೇ ತೋರಿಸಬೇಕು.

ಇನ್ನು 15 ಸುರುಳಿಗಳ ಖರೀದಿಯು 30ರಂದೇ ಪುಸ್ತಕಕ್ಕೆ ಏರಿದ್ದರೂ ಸ್ವೀಕೃತಿ ಚೀಟಿ ಇರಲಿಲ್ಲ; ಸರಕು ಲಾರಿ ಕಚೇರಿಯಲ್ಲಿತ್ತು. ಮಾರಿದವರ ಗೋದಾಮು ಬಿಟ್ಟೊಡನೆ ಹೊಣೆ ಕೊಂಡವರದೆಂಬ ಷರತ್ತಿದ್ದುದರಿಂದ, ಇವನ್ನು ಮಾರ್ಗಮಧ್ಯದ ಸರಕೆಂದು ಎಣಿಕೆಗೆ ಕೂಡಿಸಬೇಕು. ಆಗ ಎಣಿಕೆ 406.

ಕೊರತೆಯೇ ಈಗ 6ರ ಹೆಚ್ಚುವರಿಯಾಯಿತು! 1.5 ಚದರ ಮಿ.ಮೀ. ತಂತಿಯ ಹಾಳೆಯಲ್ಲಿ ಸರಿಯಾಗಿ 6ರ ಕೊರತೆ ಇತ್ತು. ಎರಡರ ಪೆಟ್ಟಿಗೆಗಳೂ ಒಂದೇ ಬಗೆಯವು. ಚೀಟಿ ನೋಡಿ ಮರು ಎಣಿಕೆ ಮಾಡಿದಾಗ 6 ಸುರುಳಿಗಳು ತಪ್ಪು ಸಾಲಿನಲ್ಲಿದ್ದುದು ಕಂಡುಬಂದಿತು. ಎಣಿಕೆ 400, ಪುಸ್ತಕವೂ 400.

ಕಾಣೆಯಾದದ್ದು ಒಂದು ಸುರುಳಿಯೂ ಇರಲಿಲ್ಲ. ವ್ಯತ್ಯಾಸವನ್ನು ಒಟ್ಟು ಮೊತ್ತವಾಗಿ ಕಾಣದೆ ದಾಖಲೆಗಳ ಮೂಲಕ ಬಿಡಿಸಬೇಕು. ಹೀಗೆ ಬಿಡಿಸಿದ ಮೇಲೂ ಉಳಿಯುವ ಕೊರತೆಯನ್ನು ಮಾತ್ರ, ಕಾರಣ ಬರೆದು, ಮಾಲೀಕರ ಸಹಿಯೊಂದಿಗೆ ನಷ್ಟಕ್ಕೆ ಹಾಕತಕ್ಕದ್ದು.